ಸಿಎಂಎ ಮುಗಿದ ಮೇಲೆ ಪತ್ರ: ಬಡ್ತಿ ಕೇಳಬೇಕೋ, ಸಂಬಳ ಕೇಳಬೇಕೋ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ಅಲ್ಲಿನ ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸದ ಜೊತೆಗೇ ವೆಚ್ಚ ಲೆಕ್ಕದ ವೃತ್ತಿಪರ ಕೋರ್ಸ್ ಆದ ಸಿಎಂಎ ಫೈನಲ್‌ನ ಎರಡೂ ಗ್ರೂಪ್ ಪಾಸಾಗಿದ್ದಾರೆ ಅಂದುಕೊಳ್ಳಿ. ಮ್ಯಾನೇಜರ್‌ಗೆ ಏನಂತ ಬರೆಯಬೇಕು?

ಬಡ್ತಿಗೆ ಹುದ್ದೆ ಖಾಲಿ ಇರಬೇಕು, ಇಲ್ಲವೇ ಹೊಸದಾಗಿ ಹುಟ್ಟಬೇಕು. ಹಾಗಾಗಿ ಪತ್ರದಲ್ಲಿ ಸರ್ಟಿಫಿಕೇಟ್‌ಗಿಂತ ಜವಾಬ್ದಾರಿ ಮುಂದೆ ಬರಲಿ: "ಸರ್, ಕಾಸ್ಟ್ ರೆಕಾರ್ಡ್‌ಗಳನ್ನು ಈಗ ನಾನೇ ಸಿದ್ಧಪಡಿಸುತ್ತಿದ್ದೇನೆ. ಆಡಿಟರ್ ಪ್ರಶ್ನೆಗಳಿಗೂ ನಾನೇ ಉತ್ತರಿಸುತ್ತೇನೆ. ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಗೆ ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ." ಇದನ್ನು ಅಪ್ರೈಸಲ್‌ಗೆ ಮುಂಚೆ, ಬಜೆಟ್ ಕೂಡಿಸುವಾಗಲೇ ಕೊಡಿ. ಆಮೇಲೆ ಕೊಟ್ಟರೆ ಮುಂದಿನ ವರ್ಷವೇ ಗತಿ.

ಸಂಬಳ ಪರಿಷ್ಕರಣೆಗೆ ಹುದ್ದೆ ಬೇಡ, ಲೆಕ್ಕ ಬೇಕು. ಈಗ 42,000 ಇದ್ದು 52,000 ಕೇಳುವುದಾದರೆ ಸುಮಾರು 24% ಹೆಚ್ಚಳ. ಆ ಮೊತ್ತವನ್ನು ನೇರವಾಗಿ ಬರೆಯಿರಿ. ಅದು ಗ್ರಾಸ್ಸೋ ಸಿಟಿಸಿಯೋ ಅನ್ನೋದೂ ಸ್ಪಷ್ಟವಾಗಿರಲಿ. "ತಕ್ಕಂತೆ ಹೆಚ್ಚಿಸಿ" ಅಂದರೆ ಸುಮ್ನೆ ಚಿಕ್ಕ ಇನ್‌ಕ್ರಿಮೆಂಟ್‌ನಲ್ಲಿ ಮುಗಿಯುತ್ತೆ.

ಎರಡರಲ್ಲೂ ಒಂದು ಮಾತು ಬೇಡ: "ಇನ್ನು ಕಾಸ್ಟ್ ಆಡಿಟ್ ಫೀಸ್ ಉಳಿಯುತ್ತೆ." ಕಂಪನಿಯ ನೌಕರ ಅದೇ ಕಂಪನಿಯ ಕಾಸ್ಟ್ ಆಡಿಟರ್ ಆಗುವಂತಿಲ್ಲ. ಮ್ಯಾನೇಜರ್‌ಗೆ ಇದು ಗೊತ್ತಿರುತ್ತೆ, ಅಲ್ವಾ? ಬದಲಿಗೆ ಯಾವ ಉತ್ಪನ್ನದ ವೆಚ್ಚದಲ್ಲಿ ಯಾವ ತಪ್ಪು ಹಿಡಿದಿರಿ ಅಂತ ಬರೆಯಿರಿ.

ಮೇಲಿನ ಹುದ್ದೆಯ ಕೆಲಸವನ್ನು ಈಗಾಗಲೇ ಮಾಡುತ್ತಿದ್ದರೆ ಬಡ್ತಿಯನ್ನೇ ಕೇಳಿ. ನಾಳೆ ಬೇರೆ ಕಡೆ ಹೋದರೂ ಆ ಪದನಾಮ ಜೊತೆಗಿರುತ್ತೆ. ಕೆಲಸ ಇನ್ನೂ ಹಳೆಯದೇ ಆಗಿದ್ದರೆ ಸಂಬಳದ ಪತ್ರವೇ ಸರಿ.