ರಿಟರ್ನ್ ಅವಧಿ ಮುಗಿದಿರಲಿಲ್ಲ, ಆದರೂ ಬಾಗಿಲಲ್ಲೇ ನಿರಾಕರಣೆ: ದೀರ್ಘಕಾಲದ ಬಳಕೆದಾರರ ವಿಮರ್ಶೆ

ಬಟ್ಟೆ, ಎಲೆಕ್ಟ್ರಾನಿಕ್ಸ್ ಮತ್ತು ದಿನಸಿ, ಈ ಮೂರನ್ನೂ ಒಂದೇ ಶಾಪಿಂಗ್ ಆ್ಯಪ್‌ನಲ್ಲಿ ತರಿಸಿಕೊಳ್ಳುವವಳು ನಾನು. ವಸ್ತುಗಳ ಗುಣಮಟ್ಟದ ಬಗ್ಗೆ ಬೇರೆಯವರು ಸಾಕಷ್ಟು ಬರೆದಿರುವುದರಿಂದ ಇಲ್ಲಿ ಅದರ ರಿಟರ್ನ್ ಸೇವೆಯನ್ನಷ್ಟೇ ವಿಮರ್ಶಿಸುತ್ತೇನೆ. ಆರ್ಡರ್ ಪುಟದಲ್ಲಿ ದಿನಗಳ ಲೆಕ್ಕ ದೊಡ್ಡದಾಗಿ ಕಾಣುವುದರಿಂದ, ಆ ಗಡುವಿನೊಳಗೆ ಕೋರಿಕೆ ಸಲ್ಲಿಸಿದರೆ ವಸ್ತು ಹಿಂದಿರುಗಿದಂತೆಯೇ ಎಂದು ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ನಾನು ಕಂಡ ನಿರಾಕರಣೆಗಳಲ್ಲಿ ಹೆಚ್ಚಿನವು ಗಡುವಿನೊಳಗೇ ಆದವು. ಅವುಗಳಿಗೆ ಮೂಲ, ಕೋರಿಕೆ ಸಲ್ಲಿಸುವಾಗ ಆರಿಸಿದ ‘ಕಾರಣ’.

ಬಟ್ಟೆಯ ವಿಷಯದಲ್ಲಿ ಈ ಸೇವೆಯನ್ನು ಮೆಚ್ಚಲೇಬೇಕು. ಅವಧಿ ಇತರ ವಸ್ತುಗಳಿಗಿಂತ ಉದಾರವಾಗಿದೆ, ಅಳತೆ ಹೊಂದದಿದ್ದರೆ ವಾದವಿಲ್ಲದೆ ವಾಪಸ್ ಪಡೆಯುತ್ತಾರೆ. ಪಾರ್ಸೆಲ್ ಬಂದ ಕೂಡಲೇ ಕವರನ್ನು ಒಂದು ಅಂಚಿನಲ್ಲಿ ಮಾತ್ರ ಕತ್ತರಿಸಿ ತೆಗೆದಿಡುವುದು, ಕೈಗೆ ಹಚ್ಚಿದ ಎಣ್ಣೆ, ಕ್ರೀಮು ಒರೆಸಿಕೊಂಡು ಬಟ್ಟೆಯನ್ನು ಮುಟ್ಟುವುದು, ಟ್ಯಾಗ್ ತೂಗಾಡುತ್ತಿರುವಂತೆಯೇ ತೊಟ್ಟು ಕನ್ನಡಿಯ ಮುಂದೆ ಒಮ್ಮೆ ಕೈ ಎತ್ತಿ, ಒಮ್ಮೆ ಕುಳಿತು ನೋಡುವುದು, ಇಷ್ಟಾದ ಮೇಲೆಯೇ ಟ್ಯಾಗ್ ಕತ್ತರಿಸುವುದು ನನಗೆ ರೂಢಿಯಾಗಿದೆ. ಒಳ ಉಡುಪು, ಈಜುಡುಗೆಗಳಿಗೆ ಮಾತ್ರ ಸಾಮಾನ್ಯವಾಗಿ ರಿಟರ್ನ್ ಇರುವುದಿಲ್ಲ. ಅದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಆದರೆ ಇದೇ ಬಟ್ಟೆಯ ವಿಭಾಗದಲ್ಲಿ ನನ್ನ ತಂಗಿಗೆ ಆದದ್ದನ್ನು ವಿವರವಾಗಿ ಹೇಳಬೇಕು. ಆಕೆ ತರಿಸಿದ್ದು ಕಡುನೀಲಿ ಬಣ್ಣದ ಉದ್ದ ತೋಳಿನ ಶರ್ಟು. ಹೊರಗಿನ ಕವರಿನ ಚೀಟಿಯಲ್ಲಿ ಹಾಗೆಯೇ ನಮೂದಾಗಿತ್ತು, ಒಳಗಿದ್ದದ್ದು ಅರ್ಧ ತೋಳಿನ ಕಪ್ಪು ಶರ್ಟು. ಜೊತೆಗೆ ಅಳತೆಯೂ ಚಿಕ್ಕದು. ಕಾರಣಗಳ ಪಟ್ಟಿಯಲ್ಲಿ ‘ಅಳತೆ ಹೊಂದುತ್ತಿಲ್ಲ’ ಎಂಬುದು ಮೊದಲಿಗೇ ಇತ್ತು, ಅದು ಸುಳ್ಳೂ ಅಲ್ಲದ ಕಾರಣ ಆಕೆ ಅದನ್ನೇ ಒತ್ತಿದಳು. ಪಿಕಪ್‌ಗೆ ಬಂದ ಹುಡುಗ ತನ್ನ ಫೋನಿನಲ್ಲಿ ಆರ್ಡರ್‌ನ ಚಿತ್ರ ತೆರೆದು, ಬಣ್ಣ ಹೊಂದುತ್ತದೆಯೇ, ಬ್ರ್ಯಾಂಡ್ ಅದೇ ಹೌದೇ, ಟ್ಯಾಗ್ ಇದೆಯೇ ಎಂಬ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ತುಂಬತೊಡಗಿದ. ಮೊದಲ ಪ್ರಶ್ನೆಗೇ ‘ಇಲ್ಲ’ ಎಂದು ಗುರುತಿಸಬೇಕಾಯಿತು, ಮುಂದಿನ ಬಟನ್ ತೆರೆದುಕೊಳ್ಳಲೇ ಇಲ್ಲ. “ಅಕ್ಕಾ, ನಮ್ಮಿಂದ ಬೇರೆ ಶರ್ಟು ಹೋಗಿರಬಹುದು, ಆದರೆ ನನ್ನ ಆ್ಯಪ್ ಇದನ್ನು ತೆಗೆದುಕೊಳ್ಳಲು ಬಿಡುತ್ತಿಲ್ಲ” ಎಂದು ಆತ ಪ್ರಾಮಾಣಿಕವಾಗಿಯೇ ಹೇಳಿ ಹೋದ.

ಅಂದರೆ ತಪ್ಪು ವಸ್ತು ಬಂದಿದೆ ಎಂಬುದೇ ಅದನ್ನು ಹಿಂದಿರುಗಿಸಲು ಅಡ್ಡಿಯಾಯಿತು. ಅಳತೆಯ ಕಾರಣ ಕೊಟ್ಟಾಗ, ಕಳುಹಿಸಿದ ವಸ್ತುವೇ ವಾಪಸ್ ಬರಬೇಕೆಂದು ವ್ಯವಸ್ಥೆ ನಿರೀಕ್ಷಿಸುತ್ತದೆ. ಚಿತ್ರಕ್ಕೆ ಹೊಂದದ್ದನ್ನು ಕೊಟ್ಟರೆ ಗ್ರಾಹಕರೇ ಬದಲಾಯಿಸಿದ್ದಾರೆಂದು ಭಾವಿಸುತ್ತದೆ. ‘ಬೇರೆ ವಸ್ತು ಬಂದಿದೆ’ ಎಂಬ ಕಾರಣ ಕೊಟ್ಟರೆ ಪರಿಶೀಲನೆಯ ದಾರಿಯೇ ಬೇರೆ. ಅಲ್ಲಿ ಫೋಟೊಗಳನ್ನು ಮೊದಲೇ ಕೇಳುತ್ತಾರೆ, ಬಾಗಿಲಿಗೆ ಬಂದವರು ಆ ಫೋಟೊಗಳಿಗೆ ಹೋಲಿಸುತ್ತಾರೆ. ಗಡುವು ಇನ್ನೂ ಇದ್ದುದರಿಂದ ತಂಗಿ ಹೊಸ ಕೋರಿಕೆ ಸಲ್ಲಿಸಿ, ಹೊರಕವರಿನ ಚೀಟಿ, ಒಳಗಿನ ಟ್ಯಾಗಿನ ಬಾರ್‌ಕೋಡ್ ಮತ್ತು ಪೂರ್ತಿ ಹರಡಿದ ಶರ್ಟು, ಹೀಗೆ ಮೂರು ಫೋಟೊ ಹಾಕಿದಳು. ಅದೇ ಶರ್ಟನ್ನು ಈ ಬಾರಿ ಪ್ರಶ್ನೆಯಿಲ್ಲದೆ ಕೊಂಡೊಯ್ದರು. ಕೊನೆಯ ದಿನದವರೆಗೆ ಕಾದಿದ್ದರೆ ಈ ಎರಡನೆಯ ಅವಕಾಶ ಇರುತ್ತಿರಲಿಲ್ಲ. ಇನ್ನೊಂದು ಸಂಗತಿ: ಮೊದಲ ಕೋರಿಕೆಯ ಮುಂದೆ ‘ಗ್ರಾಹಕರು ರದ್ದುಪಡಿಸಿದ್ದಾರೆ’ ಎಂದು ದಾಖಲಾಗಿತ್ತು. ಹಾಗೆ ಕಂಡರೆ ಕೂಡಲೇ ಕಸ್ಟಮರ್ ಕೇರ್ ಚಾಟ್‌ನಲ್ಲಿ ಆಕ್ಷೇಪಣೆ ಬರೆದು, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಒಳ್ಳೆಯದು. ಗಡುವಿನ ಲೆಕ್ಕ ಕವರು ತೆರೆದ ದಿನದಿಂದಲ್ಲ, ‘ತಲುಪಿದೆ’ ಎಂದು ದಾಖಲಾದ ದಿನದಿಂದ ಶುರುವಾಗುತ್ತದೆ. ಪಾರ್ಸೆಲ್ ಪಕ್ಕದ ಮನೆಯಲ್ಲಿದ್ದ ದಿನಗಳೂ ಅದರಲ್ಲಿ ಸೇರುತ್ತವೆ.

ಎಲೆಕ್ಟ್ರಾನಿಕ್ಸ್‌ಗೆ ಬಂದರೆ ನನ್ನ ಮೆಚ್ಚುಗೆ ಇಳಿಯುತ್ತದೆ. ಇಲ್ಲಿ ಅವಧಿ ಚಿಕ್ಕದು, ‘ಇಷ್ಟವಾಗಲಿಲ್ಲ’ ಎಂಬ ಕಾರಣವೇ ಬಹುತೇಕ ವಸ್ತುಗಳಿಗೆ ಇಲ್ಲ, ಮತ್ತು ಅನೇಕ ಕಡೆ ಹಣ ವಾಪಸ್ ಬದಲು ಬೇರೆ ಪೀಸ್ ಮಾತ್ರ ಕೊಡುತ್ತಾರೆ. ದೋಷವಿದೆ ಎಂದರೆ ಟೆಕ್ನಿಷಿಯನ್ ಬಂದು ಒಪ್ಪಬೇಕು. ನನ್ನ ಹೆಡ್‌ಫೋನಿನ ಎಡಭಾಗ ಒಂದಷ್ಟು ಹೊತ್ತು ಬಳಸಿದ ಮೇಲೆ ಮಾತ್ರ ಸದ್ದು ನಿಲ್ಲಿಸುತ್ತಿತ್ತು. ಬಂದವರು ಒಂದು ಹಾಡಿನ ಆರಂಭ ಕೇಳಿ, ಚೆನ್ನಾಗಿದೆಯಲ್ಲ ಎಂದು ಹೊರಡಲು ಸಿದ್ಧರಾದರು. ಬಂದು ಹೋಗುವ ದೋಷಕ್ಕೆ ವಿಡಿಯೊ ಒಂದೇ ಸಾಕ್ಷಿ. ಅದನ್ನು ನಡುವೆ ಎಲ್ಲೂ ಕತ್ತರಿಸದೆ, ವಸ್ತುವಿನ ಮೇಲಿನ ಸೀರಿಯಲ್ ನಂಬರ್‌ನಿಂದ ಆರಂಭಿಸಿ ದೋಷ ಕಾಣುವವರೆಗೆ ಒಂದೇ ಓಟದಲ್ಲಿ ತೆಗೆದಿರಬೇಕು, ಇಲ್ಲವಾದರೆ ಅದು ಬೇರೆ ಪೀಸ್ ಎನ್ನಲು ಅವಕಾಶವಿರುತ್ತದೆ. ನನ್ನ ಬಳಿ ಅಂಥ ವಿಡಿಯೊ ಇದ್ದುದರಿಂದ ಅವರು ಜಾಬ್‌ಶೀಟಿನಲ್ಲಿ ದೋಷವನ್ನು ಬರೆದರು.

ಆ ಭೇಟಿಯ ಕೊನೆಯಲ್ಲಿ ಕೇಳುವ ಓಟಿಪಿ ಬಹಳ ಮುಖ್ಯ. ಅದನ್ನು ಕೊಟ್ಟರೆ ದೂರು ಮುಕ್ತಾಯವಾಗುತ್ತದೆ. ‘ತೊಂದರೆ ಇಲ್ಲ’ ಎಂದು ಮುಕ್ತಾಯಗೊಂಡ ದೂರನ್ನು, ಅಷ್ಟರಲ್ಲಿ ಗಡುವು ದಾಟಿದ್ದರೆ, ಮತ್ತೆ ತೆರೆಸುವುದು ಕಷ್ಟ. ಆಮೇಲೆ ಉಳಿಯುವುದು ತಯಾರಕರ ವಾರಂಟಿ, ಅದರಲ್ಲಿ ಸಿಗುವುದು ಹೆಚ್ಚಾಗಿ ರಿಪೇರಿಯೇ. ಆದ್ದರಿಂದ ಏನು ಬರೆದಿದ್ದಾರೆಂದು ಓದಿದ ಮೇಲೆಯೇ ಓಟಿಪಿ ಹೇಳಬೇಕು. ಫೋನ್ ಆದರೆ *#06# ಒತ್ತಿದಾಗ ಕಾಣುವ ಐಎಂಇಐ ಸಂಖ್ಯೆ, ಡಬ್ಬಿಯ ಮೇಲಿನದು ಮತ್ತು ಬಿಲ್ಲಿನಲ್ಲಿರುವುದು ಒಂದೇ ಆಗಿದೆಯೇ ಎಂದು ಬಂದ ದಿನವೇ ನೋಡಬೇಕು. ಹಿಂದಿರುಗಿಸುವಾಗ ಸ್ಕ್ರೀನ್ ಲಾಕ್ ಮತ್ತು ಖಾತೆಗಳನ್ನು ತೆಗೆದು, ನಂತರ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಖಾತೆ ಉಳಿದಿದ್ದರೆ ರೀಸೆಟ್ ಆದ ಮೇಲೂ ಫೋನ್ ಹಳೆಯ ಪಾಸ್‌ವರ್ಡ್ ಕೇಳಬಹುದು, ಹಾಗೆ ಬೀಗ ಬಿದ್ದ ಫೋನನ್ನು ಯಾರೂ ಪಡೆಯುವುದಿಲ್ಲ.

ದಿನಸಿಯ ವಿಭಾಗ ಇದಕ್ಕೆ ತದ್ವಿರುದ್ಧವಾಗಿ ಸರಳವಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಬೇಗ ಕೆಡುವ ವಸ್ತುಗಳಿಗೆ ಸಮಯವನ್ನು ದಿನಗಳಿಗಿಂತ ಗಂಟೆಗಳಲ್ಲಿ ಎಣಿಸಿಕೊಳ್ಳುವುದೇ ಸುರಕ್ಷಿತ, ಆದರೆ ಇಲ್ಲಿ ವಾಪಸ್ ಒಯ್ಯಲು ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ತೀರ್ಮಾನವಾಗುವುದು ಫೋಟೊದ ಮೇಲೆ. ಹಾಗಾಗಿ ಚೀಲದಿಂದ ತೆಗೆದದ್ದನ್ನು ಫ್ರಿಜ್‌ಗೆ ಇಡುವ ಮೊದಲೇ ಬಿಲ್ಲಿನೊಂದಿಗೆ ಹೋಲಿಸಿ ನೋಡುತ್ತೇನೆ. ಪ್ಯಾಕೆಟ್ ಆದರೆ ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಓದುವಂತಿರಬೇಕು, ತರಕಾರಿ ಕಡಿಮೆ ಬಂದಿದ್ದರೆ ತಕ್ಕಡಿಯ ಅಂಕಿಯೂ ಅದೇ ಫೋಟೊದಲ್ಲಿ ಸಿಗಬೇಕು. ಕೊಳೆತದ್ದನ್ನು ಎಸೆದ ಮೇಲೆ ದೂರು ಕೊಟ್ಟರೆ ಪ್ರಯೋಜನವಿಲ್ಲ. ಸಣ್ಣಪುಟ್ಟದಕ್ಕೆಲ್ಲ ಪದೇ ಪದೇ ದೂರು ಸಲ್ಲಿಸುವ ಖಾತೆಗಳನ್ನು ಇಂಥ ಸೇವೆಗಳು ಅನುಮಾನದಿಂದ ನೋಡತೊಡಗುತ್ತವೆ, ಆದ್ದರಿಂದ ಒಂದು ಮೆತ್ತಗಿನ ಟೊಮೆಟೊವನ್ನು ನಾನು ಸಾರಿಗೆ ಹಾಕಿಬಿಡುತ್ತೇನೆ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಯಾವ ಕಾರಣ ಆರಿಸಿದರೆ ಬಾಗಿಲಲ್ಲಿ ಏನನ್ನು ಪರಿಶೀಲಿಸುತ್ತಾರೆ ಎಂಬುದನ್ನು ಆ ಪಟ್ಟಿಯ ಕೆಳಗೇ ಒಂದು ಸಾಲಿನಲ್ಲಿ ಬರೆದರೆ ನಾಲ್ಕನೆಯದನ್ನೂ ಕೊಡುತ್ತೇನೆ. ಅಲ್ಲಿಯವರೆಗೆ ಬಟ್ಟೆ ಮತ್ತು ದಿನಸಿಯನ್ನು ಇಲ್ಲಿಯೇ ಕೊಳ್ಳುತ್ತೇನೆ, ದುಬಾರಿ ಎಲೆಕ್ಟ್ರಾನಿಕ್ಸ್ ಅನ್ನು ಮಾತ್ರ ಎದುರಿಗೇ ಡಬ್ಬಿ ತೆರೆದು ತೋರಿಸಿ ಕೊಡುವ ಕಡೆಯಿಂದ ತರಿಸುತ್ತೇನೆ.