ಹೆಪಟೈಟಿಸ್ ಬಿ ಅಥವಾ ಸಿ ಇದ್ದೂ ಕುಡಿಯುವವರೇ, ಎಎಲ್‌ಟಿ ಇಳಿಯಿತೆಂದು ನೆಮ್ಮದಿಯಾಗಬೇಡಿ

ಹೆಪಟೈಟಿಸ್ ಸಿ ಇದ್ದು ಕುಡಿಯುವವರಲ್ಲಿ ಮತ್ತೆ ಮತ್ತೆ ಕಾಣುವ ಅನಾಹುತವನ್ನು ಒಬ್ಬ ರೋಗಿಯ ಲೆಕ್ಕವಾಗಿ ಬಿಡಿಸಿ ಹೇಳುತ್ತೇವೆ. ಸೋಂಕು ಗೊತ್ತಾದಾಗ ಅವರಿಗೆ 44 ವರ್ಷ. ಲಿವರಿನ ಜೀವಕೋಶ ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ ಎಎಲ್‌ಟಿ, ಅಂದರೆ ಹಲವು ವರದಿಗಳಲ್ಲಿ ಎಸ್‌ಜಿಪಿಟಿ ಎಂದು ಬರೆದಿರುವುದು, 64 ಇತ್ತು. ಅಂಥದೇ ಇನ್ನೊಂದು ಕಿಣ್ವ ಎಎಸ್‌ಟಿ 52, ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ. ಮೈಗೆ ಯಾವ ತೊಂದರೆಯೂ ಇರಲಿಲ್ಲ. ಚಿಕಿತ್ಸೆಯನ್ನು ಮುಂದೆ ನೋಡೋಣವೆಂದು ಬಿಟ್ಟರು, ಕುಡಿತ ಮುಂದುವರಿಯಿತು. ಎಂಟು ವರ್ಷದ ನಂತರದ ವರದಿಯಲ್ಲಿ ಎಎಲ್‌ಟಿ 49ಕ್ಕೆ ಇಳಿದಿತ್ತು. ಲಿವರ್ ಸುಧಾರಿಸಿದೆ ಎಂದುಕೊಂಡರು. ಅದೇ ಹಾಳೆಯಲ್ಲಿ ಎಎಸ್‌ಟಿ 98ಕ್ಕೆ ಏರಿತ್ತು, ಪ್ಲೇಟ್‌ಲೆಟ್ 1 ಲಕ್ಷ 8 ಸಾವಿರಕ್ಕೆ ಕುಸಿದಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಒಂದು ದಿನ ರಕ್ತ ವಾಂತಿಯಾಯಿತು.

ಲಿವರ್ ಎಷ್ಟು ನಾರುಗಟ್ಟಿದೆ ಎಂದು ಅಂದಾಜಿಸುವ ಫಿಬ್-4 ಎಂಬ ಲೆಕ್ಕವನ್ನು ಇದೇ ಅಂಕಿಗಳಿಂದ ಯಾರು ಬೇಕಾದರೂ ಮಾಡಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಎಷ್ಟು ಸಾವಿರವೋ ಆ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 44ನೇ ವಯಸ್ಸಿನಲ್ಲಿ ಇವರಿಗೆ 1.36 ಬರುತ್ತದೆ. 1.45ಕ್ಕಿಂತ ಕಡಿಮೆ ಇದ್ದರೆ ಲಿವರ್ ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ. 52ರಲ್ಲಿ 6.74 ಬರುತ್ತದೆ. 3.25 ದಾಟಿದರೇ ಗಂಭೀರವಾಗಿ ನೋಡಬೇಕು. ಎಎಲ್‌ಟಿ ಒಂದನ್ನೇ ನೋಡಿದವರಿಗೆ ಈ ಕಥೆ ತಲೆಕೆಳಗಾಗಿ ಕಂಡಿತ್ತು.

ಎಎಲ್‌ಟಿ ಯಾಕೆ ಇಳಿಯಿತು? ಆ ಕಿಣ್ವ ತಯಾರಾಗಲು ವಿಟಮಿನ್ ಬಿ6 ಬೇಕು, ಬಹಳ ಕುಡಿಯುವವರಲ್ಲಿ ಅದರ ಕೊರತೆ ಇರುತ್ತದೆ. ಜೊತೆಗೆ, ನಾರು ತುಂಬಿದ ಲಿವರಿನಲ್ಲಿ ಕಿಣ್ವ ಸೋರಲು ಉಳಿದಿರುವ ಜೀವಕೋಶಗಳೇ ಕಡಿಮೆ. ಪ್ಲೇಟ್‌ಲೆಟ್ ಕುಸಿಯುವುದು ಬೇರೆ ಕಾರಣಕ್ಕೆ: ಗಟ್ಟಿಯಾದ ಲಿವರಿನೊಳಗೆ ರಕ್ತ ಸರಾಗವಾಗಿ ಹರಿಯದೆ ಒತ್ತಡ ಹಿಂದಕ್ಕೆ ಬೀಳುತ್ತದೆ, ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಒತ್ತಡದಿಂದ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುತ್ತವೆ.

ವೈರಸ್ ಮತ್ತು ಮದ್ಯ ಸೇರಿದಾಗ ಇದೆಲ್ಲ ಬೇಗ ಆಗುತ್ತದೆ, ಏಕೆಂದರೆ ಎರಡೂ ಒಂದೇ ಕಡೆ ಹೊಡೆಯುತ್ತವೆ. ಲಿವರಿನಲ್ಲಿ ಕೊಲಾಜನ್ ನಾರನ್ನು ನೇಯುವುದು ನಕ್ಷತ್ರಾಕಾರದ ಕೆಲವು ಜೀವಕೋಶಗಳು. ವೈರಸ್ಸಿನ ವಿರುದ್ಧ ದೇಹ ನಡೆಸುವ ಹೋರಾಟದ ಉರಿಯೂತ ಅವನ್ನು ಕೆರಳಿಸುತ್ತದೆ. ಮದ್ಯ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಅವನ್ನು ನೇರವಾಗಿಯೇ ಕೆರಳಿಸುತ್ತದೆ. ಸಾಲದ್ದಕ್ಕೆ ಮದ್ಯ ಕರುಳಿನ ಒಳಪದರವನ್ನು ಸಡಿಲಗೊಳಿಸಿ, ಬ್ಯಾಕ್ಟೀರಿಯಾದ ವಿಷವನ್ನು ಲಿವರಿಗೆ ಬಿಡುತ್ತದೆ. ಹೆಪಟೈಟಿಸ್ ಬಿಯಲ್ಲೂ ಇದೇ ನಡೆಯುತ್ತದೆ, ಅಲ್ಲಿ ಲಿವರ್ ಪೂರ್ತಿ ನಾರುಗಟ್ಟುವ ಸಿರೋಸಿಸ್‌ಗೆ ಮೊದಲೇ ಲಿವರ್ ಕ್ಯಾನ್ಸರ್ ಬರುವ ಭಯವೂ ಇದೆ.

ಪ್ರಮಾಣದ ಮಾತಿಗೆ ಬರೋಣ. ಶೇ. 40ರ ಮದ್ಯದ 60 ಎಂ.ಎಲ್. ಪೆಗ್‌ನಲ್ಲಿ ಸುಮಾರು 19 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ. 5ರ ಬಿಯರಿನ 650 ಎಂ.ಎಲ್. ಬಾಟಲಿಯಲ್ಲಿ ಸುಮಾರು 26 ಗ್ರಾಂ. ಹೆಪಟೈಟಿಸ್ ಸಿ ಅಧ್ಯಯನಗಳಲ್ಲಿ ದಿನಕ್ಕೆ 50 ಗ್ರಾಂ ದಾಟಿದವರಲ್ಲಿ ನಾರುಗಟ್ಟುವ ವೇಗ ಸ್ಪಷ್ಟವಾಗಿ ಹೆಚ್ಚಿತ್ತು. ಈ ರೋಗಿ ಕುಡಿಯುತ್ತಿದ್ದ ಮೂರು ಪೆಗ್ 57 ಗ್ರಾಂ ಆಗುತ್ತದೆ. ಬಿಯರ್ ಮಾತ್ರ ಕುಡಿಯುತ್ತೇನೆ ಎನ್ನುವವರ ಎರಡು ಬಾಟಲಿಯೂ 50 ದಾಟುತ್ತದೆ. ಹಾಗೆಂದು 50ರ ಕೆಳಗೆ ಕ್ಷೇಮ ಎಂದು ತಿಳಿಯಬೇಡಿ. ವೈರಸ್ ಇರುವವರಿಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಸಾಬೀತಾಗಿಲ್ಲ. ಹೆಂಗಸರಿಗೆ ಇದಕ್ಕಿಂತ ಕಡಿಮೆಯಲ್ಲೇ ಹಾನಿಯಾಗುತ್ತದೆ.

ಫಿಬ್-4 ಹೆಚ್ಚು ಬಂದಾಗ ಒಂದು ಎಚ್ಚರಿಕೆ ಬೇಕು. ಇತ್ತೀಚಿನ ಕುಡಿತವೊಂದೇ ಎಎಸ್‌ಟಿಯನ್ನು ಏರಿಸಿ ಪ್ಲೇಟ್‌ಲೆಟ್ ಇಳಿಸಬಲ್ಲದು. ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಕೂಡ ಉರಿಯೂತವಿದ್ದರೆ ಹೆಚ್ಚು ತೋರಿಸುತ್ತದೆ. ಆದ್ದರಿಂದ ಕೆಲವು ವಾರ ಕುಡಿತ ಬಿಟ್ಟ ಮೇಲೆ ಮತ್ತೊಮ್ಮೆ ಅಳೆಸಿದರೆ ನಿಜಸ್ಥಿತಿ ತಿಳಿಯುತ್ತದೆ. ಆದರೆ ದಿನಾ ಹೆಚ್ಚು ಕುಡಿಯುವವರು ಇದನ್ನು ಓದಿ ಇವತ್ತೇ ತಾವಾಗಿ ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ನಡುಕ, ಫಿಟ್ಸ್ ಬರಬಹುದು, ವೈದ್ಯರಿಗೆ ಹೇಳಿ ಔಷಧದ ಆಸರೆಯಲ್ಲಿ ಬಿಡಬೇಕು.

ಕುಡಿತ ಬಿಟ್ಟ ಮೇಲೆ ಚಿಕಿತ್ಸೆ ತೆಗೆದುಕೊಳ್ಳುತ್ತೇನೆ ಎಂದು ಕಾಯುವುದೂ ತಪ್ಪು. ಹೆಪಟೈಟಿಸ್ ಸಿಗೆ ಸೊಫೊಸ್ಬುವಿರ್, ವೆಲ್ಪಟಸ್ವಿರ್ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ಕೊಡುತ್ತಾರೆ, ಬಹುತೇಕ ಎಲ್ಲರಲ್ಲೂ ವೈರಸ್ ಪೂರ್ತಿ ಹೋಗುತ್ತದೆ. ಕುಡಿಯುತ್ತಾರೆಂಬ ಕಾರಣಕ್ಕೆ ಅದನ್ನು ತಡೆಯುವಂತಿಲ್ಲ. ಹೆಪಟೈಟಿಸ್ ಬಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ವರ್ಷಗಟ್ಟಲೆ ಬೇಕಾಗಬಹುದು. ಕುಡಿದ ರಾತ್ರಿಗಳಲ್ಲಿ ಮಾತ್ರೆ ಮರೆತು, ಕೊನೆಗೆ ಬಿಟ್ಟೇಬಿಟ್ಟರೆ ವೈರಸ್ ಕೆರಳಿ ಲಿವರ್ ಹಠಾತ್ತನೆ ಸೋಲುವ ಅಪಾಯವಿದೆ.

ಸಿರೋಸಿಸ್ ಬಂದಾಗಿದ್ದರೆ, ವೈರಸ್ ಹೋದ ಮೇಲೂ ಕ್ಯಾನ್ಸರ್ ಪತ್ತೆಗಾಗಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ಉಬ್ಬಿದ ರಕ್ತನಾಳಗಳಿಗಾಗಿ ಎಂಡೋಸ್ಕೋಪಿ ಬೇಕೇ ಎಂದು ಕೇಳಿ. ಡಾಂಬರಿನಂತೆ ಕಪ್ಪಾದ ಮಲ, ರಕ್ತ ವಾಂತಿ, ಹೊಟ್ಟೆ ಊದಿಕೊಳ್ಳುವುದು, ಹಗಲೆಲ್ಲ ಮಂಪರು ಅಥವಾ ತಪ್ಪುತಪ್ಪಾದ ಮಾತು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ಕುಡಿಯುವುದನ್ನೂ ಸೋಂಕನ್ನೂ ಮುಚ್ಚಿಡದೆ ಹೇಳಿ.