ಕೌಜು, ಬಾತು, ಟರ್ಕಿ: ಕೋಳಿ ಜೊತೆ ಇಟ್ಟು ತಿಂದು ನೋಡಿದ್ದು

ಮಗಳಿಗೆ ರಕ್ತ ಕಡಿಮೆ ಇದೆ ಅಂತ ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಊಟದಲ್ಲೂ ಗಮನ ಇರಲಿ ಅಂದರು. ಅದೇ ಸಂಜೆ ಪಕ್ಕದ ಮನೆಯ ಆಂಟಿ ಬಂದು, "ಕೌಜಿನ ಮೊಟ್ಟೆ ಕೊಡಮ್ಮ, ದಿನಕ್ಕೆ ಐದು. ಕೋಳಿ ಮೊಟ್ಟೆ ಅದರ ಮುಂದೆ ಏನೂ ಅಲ್ಲ" ಅಂದರು. ಅಲ್ಲಿಂದ ನಾಲ್ಕು ತಿಂಗಳು ನಮ್ಮ ಯಲಹಂಕದ ಮನೆಯಲ್ಲಿ ಕೌಜು, ಬಾತು, ಟರ್ಕಿ ಎಲ್ಲಾ ಬಂತು. ಪ್ರತಿ ಸಲವೂ ಪಕ್ಕದಲ್ಲೇ ಕೋಳಿಯನ್ನೂ ಮಾಡಿ, ಎರಡನ್ನೂ ತಿಂದು ನೋಡಿದೆವು.

ಮೊದಲು ಮೊಟ್ಟೆ. ಕೌಜಿನ ಮೊಟ್ಟೆ ಈಗ ಬೆಂಗಳೂರಿನಲ್ಲಿ ಹುಡುಕಬೇಕಾಗಿಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಹನ್ನೆರಡರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುತ್ತೆ. ಇವು ಕಾಡಿನ ಕೌಜಿನವಲ್ಲ, ಫಾರ್ಮಿನಲ್ಲಿ ಸಾಕುವ ಜಪಾನಿ ಕೌಜಿನವು. ಕಾಡಿನ ಕೌಜನ್ನು ಹಿಡಿಯೋದು, ಮಾರೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಯಾರಾದರೂ "ಕಾಡಿಂದು, ಒರಿಜಿನಲ್" ಅಂದರೆ ಅಲ್ಲಿಂದ ಹೊರಟುಬಿಡಿ.

ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಒಂದು ಕೌಜಿನ ಮೊಟ್ಟೆ ಹತ್ತು ಗ್ರಾಂ ಹತ್ತಿರ ಬಂತು. ನಮ್ಮ ಕೋಳಿ ಮೊಟ್ಟೆ ಸುಮಾರು ಐವತ್ತು. ಅಂದರೆ ಐದು ಕೌಜಿನ ಮೊಟ್ಟೆಗೆ ಒಂದು ಕೋಳಿ ಮೊಟ್ಟೆ. ಆಂಟಿ ಹೇಳಿದ ಲೆಕ್ಕದ ಗುಟ್ಟು ಇಲ್ಲೇ ಇತ್ತು. ತೂಕಕ್ಕೆ ತೂಕ ಇಟ್ಟರೆ ಪ್ರೋಟೀನು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ನೂರು ಗ್ರಾಂಗೆ 13 ಗ್ರಾಂ ಆಸುಪಾಸು. ಕಬ್ಬಿಣ ಮಾತ್ರ ಕೌಜಿನಲ್ಲಿ ಎರಡು ಪಟ್ಟು. ಕೊಲೆಸ್ಟ್ರಾಲ್ ಕೂಡ ಎರಡು ಪಟ್ಟಿಗಿಂತ ಜಾಸ್ತಿ. ಐದು ಮೊಟ್ಟೆಗೆ ನಾನು ಕೊಟ್ಟಿದ್ದು ಇಪ್ಪತ್ತು ರೂಪಾಯಿ, ಒಂದು ಕೋಳಿ ಮೊಟ್ಟೆಗೆ ಏಳು.

ಎರಡು ಪಟ್ಟು ಕಬ್ಬಿಣ ಇದೆಯಲ್ಲ, ಅಷ್ಟು ಸಾಕು ಅಂತ ನನಗೂ ಅನಿಸಿತ್ತು. ಆದರೆ ಮೊಟ್ಟೆಯ ಹಳದಿಯಲ್ಲಿ ಫಾಸ್ವಿಟಿನ್ ಅನ್ನೋ ಒಂದು ಪ್ರೋಟೀನು ಇದೆ. ಅದು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೆ, ಕರುಳಿಗೆ ಸುಲಭವಾಗಿ ಬಿಟ್ಟುಕೊಡಲ್ಲ. ಕೋಳಿ ಮೊಟ್ಟೆ ಇರಲಿ, ಕೌಜಿನದಿರಲಿ, ಬಾತಿನದಿರಲಿ, ಇದೇ ಕತೆ. ಅದಕ್ಕೇ ಡಬ್ಬಿ ಮೇಲೆ ಬರೆದಿರುವ ಕಬ್ಬಿಣ ಪೂರ್ತಿ ಮೈಗೆ ಹತ್ತಲ್ಲ. ಮಾಂಸದಲ್ಲಿರುವ ಕಬ್ಬಿಣದ ಸ್ವಲ್ಪ ಭಾಗ ಬೇರೆ ರೂಪದಲ್ಲಿರುತ್ತೆ, ಅದನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತೆ. ಇದು ಗೊತ್ತಾದ ಮೇಲೆ ನನ್ನ ಗಮನ ಮೊಟ್ಟೆಯಿಂದ ಮಾಂಸದ ಕಡೆ ತಿರುಗಿತು.

ರುಚಿಯಲ್ಲಿ ಕೌಜಿನ ಮೊಟ್ಟೆ ಕೋಳಿಯದಕ್ಕೆ ತುಂಬಾ ಹತ್ತಿರ. ಹಳದಿ ಭಾಗ ಜಾಸ್ತಿ ಇರೋದರಿಂದ ಬಾಯಲ್ಲಿ ಇನ್ನೂ ಸ್ವಲ್ಪ ಬೆಣ್ಣೆಯ ಹಾಗೆ. ಕುದಿಯುವ ನೀರಿಗೆ ಹಾಕಿ ನಾಲ್ಕು ನಿಮಿಷ ಸಾಕು, ತೆಗೆದ ತಕ್ಷಣ ತಣ್ಣೀರಿಗೆ. ಇನ್ನೂ ಹೆಚ್ಚು ಬೇಯಿಸಿದರೆ ಬಿಳಿ ಭಾಗ ರಬ್ಬರ್ ಆಗುತ್ತೆ. ಆಮ್ಲೆಟ್‌ಗೆ ಒಡೆಯೋದೇ ಕಷ್ಟ. ಚಿಪ್ಪು ತೆಳು, ಆದರೆ ಒಳಪೊರೆ ಗಟ್ಟಿ. ತಟ್ಟಿದರೆ ಚಿಪ್ಪು ಪುಡಿಯಾಗಿ ಒಳಗೆ ಬೀಳುತ್ತೆ. ಚೂಪಾದ ಸಣ್ಣ ಕತ್ತರಿಯಲ್ಲಿ ಅಗಲ ತುದಿಯನ್ನು ಟೋಪಿಯ ಹಾಗೆ ಕತ್ತರಿಸಿ ಸುರಿಯಬೇಕು. ಮಗಳಿಗೆ ಆ ಕೆಲಸ ಇಷ್ಟವಾಯ್ತು, ತಿನ್ನೋದಕ್ಕಿಂತ ಜಾಸ್ತಿ.

ಬಾತಿನ ಮೊಟ್ಟೆ ನನಗೆ ಸಿಕ್ಕಿದ್ದು ರಸೆಲ್ ಮಾರ್ಕೆಟ್‌ನಲ್ಲಿ, ಒಂದಕ್ಕೆ ಹದಿನೈದು ರೂಪಾಯಿ. ಒಂದೊಂದು ಎಪ್ಪತ್ತು ಗ್ರಾಂ ತೂಗಿತು. ಚಿಪ್ಪು ದಪ್ಪ, ಒಡೆದರೆ ಹಳದಿ ಉಂಡೆ ಉಂಡೆಯಾಗಿ ನಿಲ್ಲುತ್ತೆ. ಕೊಬ್ಬು ಕೋಳಿ ಮೊಟ್ಟೆಗಿಂತ ಜಾಸ್ತಿ, ನೂರು ಗ್ರಾಂಗೆ 14 ಗ್ರಾಂ ಹತ್ತಿರ. ಬಿ12 ಮಾತ್ರ ಅಚ್ಚರಿ ಆಗುವಷ್ಟು ಇದೆ, ಒಂದು ಮೊಟ್ಟೆ ತಿಂದರೆ ಆ ದಿನಕ್ಕೆ ಬೇಕಾದ್ದು ಮುಗೀತು. ಒಗ್ಗರಣೆಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬುರ್ಜಿ ಮಾಡಿದೆ, ಕೋಳಿದೂ ಪಕ್ಕದ ಬಾಣಲೆಯಲ್ಲಿ. ಬಾತಿನದು ಎಲ್ಲರ ತಟ್ಟೆಯಲ್ಲೂ ಮೊದಲು ಖಾಲಿಯಾಯ್ತು. ಕೇಕಿಗೂ ಹಾಕಿ ನೋಡಿದೆ, ಎರಡು ದಿನ ಆದರೂ ಮೆತ್ತಗೆ ಇತ್ತು. ಆದರೆ ಬೇಯಿಸಿ ಹಾಗೇ ತಿಂದರೆ ಬಿಳಿ ಭಾಗ ಕೋಳಿಯದಕ್ಕಿಂತ ಗಟ್ಟಿ, ಅತ್ತೆಯವರಿಗೆ ಸೇರಲಿಲ್ಲ.

ಬಾತಿನ ಮೊಟ್ಟೆ ಕೊಳ್ಳುವಾಗ ಚಿಪ್ಪು ನೋಡಿ. ಬಾತು ಕೆಸರಲ್ಲಿ, ನೀರಿನ ಬದಿಯಲ್ಲಿ ಮೊಟ್ಟೆ ಇಡೋದು ಸಾಮಾನ್ಯ. ಬಿರುಕು ಬಿಟ್ಟದ್ದು, ಮಣ್ಣು ಮೆತ್ತಿದ್ದು ಬೇಡ. ಹಾಫ್ ಬಾಯಿಲ್ ಮಾಡಬೇಡಿ, ಹಳದಿ ಗಟ್ಟಿಯಾಗುವವರೆಗೆ ಬೇಯಲಿ. ಇಡಿಯಾಗಿ ಬೇಯಿಸೋದಾದರೆ ಹನ್ನೆರಡು ನಿಮಿಷ. ಕೆಲವಕ್ಕೆ ಮೀನಿನ ವಾಸನೆ ಬರುತ್ತೆ. ಅದು ಹಾಳಾಗಿದ್ದಲ್ಲ, ಬಾತು ತಿಂದ ಮೀನು, ಹುಳು ಅದರಲ್ಲಿ ಬರುತ್ತೆ.

ಟರ್ಕಿ ಮೊಟ್ಟೆ ಅಂಗಡಿಯಲ್ಲಿ ನನಗೆ ಸಿಗಲೇ ಇಲ್ಲ. ದೊಡ್ಡಬಳ್ಳಾಪುರದ ಕಡೆ ಟರ್ಕಿ ಸಾಕುವ ಪರಿಚಯದವರು ಆರು ಕೊಟ್ಟರು. ಟರ್ಕಿ ಇಡೋದು ವರ್ಷಕ್ಕೆ ನೂರರ ಆಸುಪಾಸು. ಒಂದು ಮರಿಗೆ ಬರುವ ಬೆಲೆ ನೋಡಿದರೆ ತಿನ್ನೋಕೆ ಯಾರು ಮಾರುತ್ತಾರೆ? ರುಚಿ ಕೋಳಿ ಮೊಟ್ಟೆಯ ಹಾಗೇ, ಸ್ವಲ್ಪ ಕೆನೆ ಜಾಸ್ತಿ. ಇದಕ್ಕಾಗಿ ಅಲೆಯಬೇಕಿಲ್ಲ.

ಈಗ ಮಾಂಸ. ಇಲ್ಲಿ ಕೌಜು ನನ್ನ ಮನಸ್ಸು ಗೆದ್ದಿತು. ಚರ್ಮ ತೆಗೆದ ಕೌಜಿನ ಮಾಂಸದಲ್ಲಿ ನೂರು ಗ್ರಾಂಗೆ ಕಬ್ಬಿಣ 4 ಮಿಲಿಗ್ರಾಂಗಿಂತ ಜಾಸ್ತಿ. ಬಾತಿನಲ್ಲಿ ಎರಡೂವರೆ ಹತ್ತಿರ. ಕೋಳಿಯ ಎದೆ ಭಾಗದಲ್ಲಿ ಅರ್ಧ ಮಿಲಿಗ್ರಾಂ ಕೂಡ ಕಷ್ಟ. ಬಣ್ಣ ನೋಡಿದರೇ ಗೊತ್ತಾಗುತ್ತೆ ಅಲ್ವಾ? ಯಾವ ಸ್ನಾಯು ಜಾಸ್ತಿ ದುಡಿಯುತ್ತೋ ಅದರಲ್ಲಿ ಆಮ್ಲಜನಕ ಹಿಡಿದಿಡುವ ಕೆಂಪು ಪ್ರೋಟೀನು ಜಾಸ್ತಿ, ಆ ಪ್ರೋಟೀನಿನಲ್ಲೇ ಕಬ್ಬಿಣ ಇರೋದು. ಬ್ರಾಯ್ಲರ್ ಕೋಳಿ ಹಾರಲ್ಲ, ಅದರ ಎದೆ ಬಿಳಿ. ಬಾತು, ಕೌಜು ಹಾರುವ ಜಾತಿ, ಎದೆಯೂ ಕಪ್ಪುಗೆಂಪು. ಟರ್ಕಿ ಓಡಾಡುವ ಹಕ್ಕಿ, ಎದೆ ಬಿಳಿ, ತೊಡೆ ಕೆಂಪು. ಮಗಳ ತಟ್ಟೆಗೆ ಯಾವ ತುಂಡು ಹಾಕಬೇಕು ಅಂತ ಇದರಿಂದಲೇ ಆರಿಸಿಕೊಂಡೆ.

ಕ್ಲೀನ್ ಮಾಡಿದ ಒಂದು ಕೌಜು ಬರೀ ನೂರೈವತ್ತು ಗ್ರಾಂ ಇತ್ತು. ಎಂಬತ್ತು ರೂಪಾಯಿ ಕೊಟ್ಟೆ. ಮೂಳೆ ಕಳೆದರೆ ಒಬ್ಬರಿಗೆ ಎರಡು ಬೇಕು. ಮೊದಲ ಸಲ ಕೋಳಿ ಸಾರಿನ ಹಾಗೆ ಕುಕ್ಕರಿಗೆ ಹಾಕಿ ಮೂರು ಕೂಗಿಸಿದೆ. ಮಾಂಸ ನಾರಾಗಿ, ಸಣ್ಣ ಮೂಳೆಗಳು ಸಾರಿನ ತುಂಬಾ ಬಿಟ್ಟುಕೊಂಡವು. ಮಕ್ಕಳಿಗೆ ಬಡಿಸೋಕೇ ಭಯವಾಯ್ತು. ಎರಡನೇ ಸಲ ಬೆನ್ನುಮೂಳೆಯ ಎರಡು ಬದಿ ಕತ್ತರಿಯಲ್ಲಿ ಕತ್ತರಿಸಿ ತೆಗೆದು, ಹಕ್ಕಿಯನ್ನು ಪುಸ್ತಕದ ಹಾಗೆ ಬಿಡಿಸಿ ಅಂಗೈಯಿಂದ ಒತ್ತಿದೆ. ಮೆಣಸು, ಶುಂಠಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಚ್ಚಿ ಅರ್ಧ ಗಂಟೆ ಇಟ್ಟೆ. ಕಾದ ಕಬ್ಬಿಣದ ಕಾವಲಿ ಮೇಲೆ ಚರ್ಮದ ಕಡೆ ಐದು ನಿಮಿಷ, ಆ ಕಡೆ ಮೂರು ನಿಮಿಷ. ತೊಡೆಯ ಸಂದಿಗೆ ಚಾಕು ಚುಚ್ಚಿದರೆ ಬರುವ ರಸ ಕೆಂಪು ಇರಬಾರದು, ಆಮೇಲೆ ಇಳಿಸಬೇಕು. ಬಿಸಿ ಮುದ್ದೆ, ಬಸ್ಸಾರಿನ ಪಕ್ಕ ಅದನ್ನು ಇಟ್ಟಾಗ ನಾಟಿ ಕೋಳಿ ಬಿಟ್ಟು ಬೇರೇನೂ ಮುಟ್ಟದ ನಮ್ಮ ಮಾವ ಎರಡು ತಿಂದರು.

ಬಾತಿನ ಮಾಂಸ ಮೊದಲ ಸಲ ಕೆಟ್ಟಿತು. ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಹೇಳಿ ತರಿಸಿದ್ದೆ. ಸಾರು ಕುದಿಯುವಾಗಲೇ ಹಳೇ ಎಣ್ಣೆಯಂಥ ನಾತ. ಮಸಾಲೆ ಎಷ್ಟು ಹಾಕಿದರೂ ಹೋಗಲಿಲ್ಲ. ಮುಂದಿನ ವಾರ ಶಿವಾಜಿನಗರದಲ್ಲಿ ಕೇಳಿದಾಗ ಅಂಗಡಿಯ ಭಾಯಿ ಬಾತಿನ ಬಾಲದ ಬುಡ ಎತ್ತಿ ತೋರಿಸಿದರು. "ನೋಡಿ ಅಮ್ಮಾ, ಇಲ್ಲಿ ಹಳದಿ ಗಂಟು ಇದೆಯಲ್ಲ, ಇದನ್ನ ತೆಗೀಬೇಕು. ಇದ್ರೆ ಪಾತ್ರೆಯೆಲ್ಲ ವಾಸನೆ." ಹಕ್ಕಿ ತನ್ನ ಗರಿಗೆ ಸವರಿಕೊಳ್ಳುವ ಎಣ್ಣೆಯ ಗ್ರಂಥಿ ಅದು. ನೀರಲ್ಲಿ ಬದುಕುವ ಬಾತಿಗೆ ಅದು ದೊಡ್ಡದು. ಅದೇ ಎಣ್ಣೆಯಿಂದ ಗರಿಗೆ ಬಿಸಿನೀರು ಬೇಗ ಇಳಿಯಲ್ಲ, ಕೀಳೋದು ಕಷ್ಟ. ಹಾಗಾಗಿ ತಂದ ಮೇಲೆ ಮನೆಯಲ್ಲೂ ಗ್ಯಾಸ್ ಉರಿ ಮೇಲೆ ಆಡಿಸಿ, ಉಳಿದ ಮುಳ್ಳುಗರಿ ಚಿಮಟದಲ್ಲಿ ಕಿತ್ತೆ. ಎಳೆಯದೋ ಅಂತ ನೋಡೋದಕ್ಕೆ ಕೊಕ್ಕು ಬಗ್ಗಿಸಿ ನೋಡಬೇಕು. ಎಳೆಯದಾದರೆ ಸುಲಭವಾಗಿ ಬಗ್ಗುತ್ತೆ. ಮೊಟ್ಟೆ ಇಟ್ಟು ಮುಗಿಸಿದ ಹಳೆಯದಾದರೆ ಕುಕ್ಕರಿನಲ್ಲಿ ಆರೇಳು ಕೂಗು ಬೇಕೇ ಬೇಕು.

ಚರ್ಮದ ಕೆಳಗೆ ಕೊಬ್ಬು ದಪ್ಪ. ಎಣ್ಣೆ ಹಾಕದೆ, ತಣ್ಣನೆಯ ಬಾಣಲೆಯಲ್ಲಿ ಚರ್ಮದ ಕಡೆ ಕೆಳಗೆ ಮಾಡಿ ಸಣ್ಣ ಉರಿಯಲ್ಲಿಟ್ಟೆ. ಕಾಲು ಗಂಟೆಯಲ್ಲಿ ಅರ್ಧ ಬಟ್ಟಲು ಕೊಬ್ಬು ಇಳಿಯಿತು. ಅದನ್ನು ತೆಗೆದಿಟ್ಟು, ಎರಡು ಚಮಚದಲ್ಲೇ ಈರುಳ್ಳಿ, ಕಾಳುಮೆಣಸು, ತೆಂಗಿನಹಾಲು ಹಾಕಿ ಬೇಯಿಸಿದೆ. ಕೋಳಿಗಿಂತ ಗಾಢವಾದ ರುಚಿ, ಮಟನ್ ಕಡೆ ವಾಲುತ್ತೆ. ಹಬ್ಬಕ್ಕೆ ಸರಿ, ವಾರ ವಾರ ಬೇಡ. ಬೇಕಾದರೆ ಅಂಗಡಿಗೆ ಎರಡು ದಿನ ಮುಂಚೆ ಹೇಳಿ.

ಟರ್ಕಿ ಡಿಸೆಂಬರಿನಲ್ಲಿ ಸುಲಭವಾಗಿ ಸಿಗುತ್ತೆ, ಬೇರೆ ತಿಂಗಳಲ್ಲಿ ಹೇಳಿ ತರಿಸಬೇಕು. ಹಕ್ಕಿ ಐದಾರು ಕಿಲೋ ಇರೋದರಿಂದ ಮೂರು ಮನೆಯವರು ಹಂಚಿಕೊಂಡೆವು. ಎದೆ ಭಾಗ ಕೋಳಿಗಿಂತ ಒಣ, ಸಾರಿಗೆ ಚೆನ್ನಾಗಿಲ್ಲ. ಕೈಮಾ ಮಾಡಿಸಿ ಉಂಡೆ ಮಾಡಿದಾಗ ಚೆನ್ನಾಗಿತ್ತು. ಕಾಲಿನ ತುಂಡಿನಲ್ಲಿ ಮೂಳೆಯ ಹಾಗೆ ಗಟ್ಟಿಯಾದ ನರಗಳಿರುತ್ತವೆ, ಅಂಗಡಿಯಲ್ಲೇ ಎಳೆಸಿಕೊಳ್ಳಿ.

ಕೊನೆಗೆ ಮಗಳ ಊಟಕ್ಕೆ ನಿಂತದ್ದು ಹದಿನೈದು ದಿನಕ್ಕೊಮ್ಮೆ ಕೌಜಿನ ಫ್ರೈ, ಮತ್ತೆ ನಾನು ಇಷ್ಟು ದಿನ ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದ ಕೋಳಿ ಲಿವರ್. ಅದರಲ್ಲಿ ನೂರು ಗ್ರಾಂಗೆ ಕಬ್ಬಿಣ 9 ಮಿಲಿಗ್ರಾಂ ಹತ್ತಿರ, ಕೌಜಿನ ಎರಡು ಪಟ್ಟು. ಪ್ರತಿ ಕೋಳಿ ಅಂಗಡಿಯಲ್ಲೂ ಇದೆ, ಬೆಲೆಯೂ ಕಡಿಮೆ. ವಿಟಮಿನ್ ಎ ತುಂಬಾ ಇರೋದರಿಂದ ವಾರಕ್ಕೊಂದೇ ಸಲ, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ತೊಳೆಯುವ ಮುಂಚೆ ಹಸಿರು ಪಿತ್ತದ ಚೀಲ ಅಂಟಿಕೊಂಡಿದೆಯಾ ನೋಡಿ. ಅದು ಒಡೆದರೆ ಇಡೀ ಪಲ್ಯ ಕಹಿ. ಮೆಣಸು, ಕರಿಬೇವು ಹಾಕಿ, ಒಳಗೆ ಕೆಂಪು ಉಳಿಯದ ಹಾಗೆ ಬೇಯಿಸಿ, ಇಳಿಸಿದ ಮೇಲೆ ನಿಂಬೆ ಹಿಂಡುತ್ತೇನೆ. ಹುಳಿ ಇದ್ದರೆ ಜೊತೆಗಿರುವ ಸೊಪ್ಪು, ಕಾಳಿನ ಕಬ್ಬಿಣವೂ ಮೈಗೆ ಇನ್ನಷ್ಟು ಹತ್ತುತ್ತೆ.